ನೋವು ಮೊದಲು, ಭಯ ಆಮೇಲೆ

ಮದುವೆಯಾಗಿ ಮೂರು ತಿಂಗಳಾಗಿದ್ದ ತರುಣನೊಬ್ಬ, ತನ್ನಲ್ಲಿ ಪುರುಷತ್ವವೇ ಇಲ್ಲವೆಂದು ನಂಬಿ ವೈದ್ಯರೆದುರು ತಲೆತಗ್ಗಿಸಿ ಕುಳಿತ. ಲೇಹ್ಯಗಳಿಗೆಂದು ಆಗಲೇ ಸಾಕಷ್ಟು ಹಣ ತೆತ್ತಿದ್ದ. “ನೋವಾಗುತ್ತಿತ್ತೆ?” ಎಂದು ವೈದ್ಯರು ಕೇಳಿದ ಮೇಲೆಯೇ ಸಂಗತಿ ಹೊರಬಿತ್ತು. ಮೊದಲ ಸಮಾಗಮದಲ್ಲೇ ಚುರುಕ್ಕೆಂದು ನೊಂದು ರಕ್ತ ಬಂದಿತ್ತು. ಬಳಿಕ ಪ್ರತಿಸಲವೂ ಅದೇ ನೋವು. ಬರಬರುತ್ತ, ಪತ್ನಿಯ ಬಳಿ ಸಾರುವಾಗಲೇ ಹೆದರಿಕೆ ಹುಟ್ಟಿ ಉದ್ರೇಕ ಇಳಿದುಹೋಗುತ್ತಿತ್ತು. ಬೆಳಗಿನ ಜಾವದ ಉದ್ರೇಕ ಮಾತ್ರ ಎಂದಿನಂತೆಯೇ ಇತ್ತು. ನರಗಳೂ ರಕ್ತನಾಳಗಳೂ ಸುಸ್ಥಿತಿಯಲ್ಲಿವೆ ಎಂಬುದಕ್ಕೆ ಅದು ಒಳ್ಳೆಯ ಸೂಚನೆ.

ಪರೀಕ್ಷಿಸಿದಾಗ ಮುಂದೊಗಲು ಬಿಗಿಯಾಗಿತ್ತು. ಅದನ್ನು ಶಿಶ್ನದ ತುದಿಗೆ ಅಡಿಯಿಂದ ಬಂಧಿಸುವ ಸಣ್ಣ ತೊಗಲಿನ ಪಟ್ಟಿ ಹರಿದು, ಮಾಯುವ ಮುನ್ನವೇ ಮತ್ತೆ ಹರಿಯುತ್ತಿತ್ತು.

ಗಾಯ ಪೂರ್ಣ ಮಾಯುವವರೆಗೆ ಸಮಾಗಮ ಬೇಡವೆಂದರು. ಅನಂತರ ವೈದ್ಯರು ಬರೆದುಕೊಟ್ಟ ಬೀಟಾಮೆಥಸೋನ್ ಮುಲಾಮನ್ನು ದಿನಕ್ಕೆ 2 ಬಾರಿ, 6 ವಾರಗಳ ಕಾಲ, ಬಿಗಿದ ಅಂಚಿಗೆ ತೆಳ್ಳಗೆ ಸವರಿ, ನೋವಾಗದಷ್ಟೇ ತೊಗಲನ್ನು ಹಿಂಸರಿಸುತ್ತ ಬಂದ. ಪ್ರತಿಸಲವೂ ಅದನ್ನು ಮುಂದಕ್ಕೆ ತರಲೇಬೇಕು. ಹಿಂದೆಯೇ ಸಿಕ್ಕಿಕೊಂಡು ಬಾತರೆ ತಕ್ಷಣ ಆಸ್ಪತ್ರೆಗೆ ಧಾವಿಸಬೇಕು.

ತೊಗಲು ಸಡಿಲವಾಯಿತು. ಆದರೆ ಕಲೆಗಟ್ಟಿ ಮೋಟಾಗಿದ್ದ ಪಟ್ಟಿ ಮುಲಾಮಿಗೆ ಬಗ್ಗಲಿಲ್ಲ. ಆ ಜಾಗವನ್ನಷ್ಟೇ ಮರಗಟ್ಟಿಸಿ, ಪಟ್ಟಿಯನ್ನು ಅಡ್ಡ ಕತ್ತರಿಸಿ ಉದ್ದಕ್ಕೆ ಹೊಲಿದರು. ಅಂದೇ ಮನೆಗೆ ಮರಳಿದ. ತೊಗಲು ಬಿಳಿಚಿ ಗಡುಸಾಗಿದ್ದರೆ ಸುನ್ನತಿಯೇ ಬೇಕಾಗುತ್ತಿತ್ತೇನೋ. ನಡುವಯಸ್ಸಿನಲ್ಲಿ ಹೊಸದಾಗಿ ಬಿಗಿದರಂತೂ ಸಕ್ಕರೆ ಕಾಯಿಲೆಯ ಪರೀಕ್ಷೆ ಆಗಲೇಬೇಕು.

ಗಾಯ ಮಾಯ್ದರೂ ಭಯ ಕೆಲ ದಿನ ಉಳಿಯಿತು. ಪತ್ನಿಗೆ ಎಲ್ಲವನ್ನೂ ತಿಳಿಸಿದ. ಅವಸರಿಸದೆ, ಜಾರುಲೇಪ ಬಳಸಿ, ನೋವಿಲ್ಲದ ಒಂದೆರಡು ರಾತ್ರಿ ಕಳೆದ ಮೇಲೆ ಉದ್ರೇಕ ತಾನಾಗಿಯೇ ಮರಳಿತು.