ಟ್ರೆಡ್‌ಮಿಲ್ ಹೇಳಿದ್ದೇ ಲೆಕ್ಕವೇ?

ಅಂಗಡಿಯ ತಕ್ಕಡಿಗೆ ಸರ್ಕಾರದ ಮುದ್ರೆ ಇದೆಯೇ ಎಂದು ನೋಡುವ ನಾವು, ಟ್ರೆಡ್‌ಮಿಲ್ ತೋರಿಸುವ ವೇಗವನ್ನು ಮಾತ್ರ ಕಣ್ಣು ಮುಚ್ಚಿ ನಂಬುತ್ತೇವೆ. ನಂಬುವ ಮೊದಲು ಒಂದು ನಿಮಿಷ ಎಣಿಸಿ ನೋಡಬೇಕು ಎಂಬುದು ನನ್ನ ವಾದ.

ನಮ್ಮ ಅಬ್ಬಾ ಜಿಮ್‌ನಲ್ಲಿ ಅರ್ಧ ಗಂಟೆ ನಡೆದು, ಮೂರು ಕಿಲೋಮೀಟರ್ ಆಯಿತು ಎಂದು ಡಾಕ್ಟರಿಗೆ ಹೇಳುತ್ತಿದ್ದರು. ಒಂದು ದಿನ ಪ್ಲಗ್ ತೆಗೆದು, ಬೆಲ್ಟನ್ನು ಕೈಯಿಂದ ಸರಿಸುತ್ತಾ ಅದರ ಪೂರ್ತಿ ಸುತ್ತಳತೆ ಅಳೆದೆ: 2.75 ಮೀಟರ್. ಅಂಚಿಗೆ ಬಿಳಿ ಟೇಪ್ ಅಂಟಿಸಿದೆ. ಗಂಟೆಗೆ 6 ಕಿ.ಮೀ. ಎಂದರೆ ನಿಮಿಷಕ್ಕೆ 100 ಮೀಟರ್. ಬೆಲ್ಟ್ 36 ಸುತ್ತಿಗಿಂತ ತುಸು ಹೆಚ್ಚು ಬರಬೇಕು. ಅಬ್ಬಾ ನಡೆದರು, ನಾನು ಎಣಿಸಿದೆ. ಮೂರು ಸಲವೂ 33! ಅಂದರೆ 90.75 ಮೀಟರ್, ಗಂಟೆಗೆ ಸುಮಾರು 5.4 ಕಿ.ಮೀ.

ಗುರುತು ಮೊದಲ ಸಲ ದಾಟುವಾಗ ಗಡಿಯಾರ ಒತ್ತಿ ‘ಸೊನ್ನೆ’ ಎನ್ನಬೇಕು. ‘ಒಂದು’ ಎಂದರೆ ಇಲ್ಲದ ಸುತ್ತೊಂದು ಸೇರುತ್ತದೆ. ಒಂದು ಸುತ್ತು ತಪ್ಪಿದರೇ ಸುಮಾರು ಶೇ. 3 ವ್ಯತ್ಯಾಸ, ಅಷ್ಟಕ್ಕೆ ಯಂತ್ರವನ್ನು ದೂರಬಾರದು. ಯಾರೂ ಹತ್ತದೆ ಓಡಿಸಿದಾಗ 36 ಬಂತು. ಸಡಿಲವಾದ ಬೆಲ್ಟ್ ಕಾಲಿನ ಭಾರಕ್ಕೆ ಜಾರುತ್ತದೆ. ಮೋಟರಿನ ಸುತ್ತು ನೋಡಿ ವೇಗ ತೋರಿಸುವ ಯಂತ್ರಕ್ಕೆ ಅದು ತಿಳಿಯುವುದಿಲ್ಲ. ಹಾಗಾಗಿ ಜಿಮ್‌ನವರು ಆಳು ನಡೆಯುವಾಗಲೇ ಎಣಿಸಿ, ಆ ಲೆಕ್ಕವನ್ನು ಯಂತ್ರದ ಮೇಲೆ ಅಂಟಿಸಬೇಕು.

ಅಬ್ಬಾ ಈಗ ಮೂರು ನಿಮಿಷ ಹೆಚ್ಚು ನಡೆಯುತ್ತಾರೆ.