ಅತ್ತೆ ಹೇಳಿದ ‘ಇಷ್ಟು’ ಉಪ್ಪು

ಕಳೆದ ತಿಂಗಳು ಒಂದು ಮೆಸೇಜ್ ಬಂತು: "ಅಕ್ಕಾ, ನಿಮ್ಮ ನೋಟ್ಸ್ ನೋಡಿಯೇ ಅಪ್ಪೆಮಿಡಿ ಉಪ್ಪಿಗೆ ಹಾಕಿದ್ದೆ. ಮೇಲೆಲ್ಲ ಬೂಷ್ಟು." ಜೊತೆಗೆ ಭರಣಿಯ ಫೋಟೋ. ಆ ರಾತ್ರಿ ನಿದ್ದೆ ಬರಲಿಲ್ಲ.

ನಾನು, ಗೆಳತಿ ಸೇರಿ ಒಂದು ಪಾಡ್‌ಕಾಸ್ಟ್ ಮಾಡ್ತೀವಿ, ಯೂಟ್ಯೂಬ್‌ಗೂ ಹಾಕ್ತೀವಿ. ಆ ಸಂಚಿಕೆಯಲ್ಲಿ ಮಾತಾಡಿದ್ದು ಶಿರಸಿ ಕಡೆಯ ನನ್ನ ಸೋದರತ್ತೆ, 46 ನಿಮಿಷ. ಉಪ್ಪಿನ ಅಳತೆಗಾಗಿ ಯಾರೂ ಅಷ್ಟೂ ಹೊತ್ತು ಮತ್ತೆ ಕೇಳೋದು ಬೇಡ ಅಂತ ಶೋ ನೋಟ್ಸ್ ಜೊತೆ ಒಂದು ಲೇಖನವನ್ನೂ ಬರೆದಿದ್ದೆ.

ತಪ್ಪು ಎಲ್ಲಾಯ್ತು ಅಂತ ಆಡಿಯೋ ಮತ್ತೆ ಕೇಳಿದೆ. 14ನೇ ನಿಮಿಷದಲ್ಲಿ ಅತ್ತೆ "ನಾಲ್ಕು ಸೇರು ಮಿಡಿಗೆ ಒಂದು ಸೇರು ಉಪ್ಪು" ಅಂದಿದ್ದಾರೆ. ನಾನು ಬರೆದದ್ದು ಅದನ್ನೇ. ಆದರೆ 33ನೇ ನಿಮಿಷದಲ್ಲಿ, ಭರಣಿ ಒರೆಸುವ ಮಾತಿನ ನಡುವೆ, "ಮಳೆ ಬಿದ್ದ ಮೇಲೆ ಕೊಯ್ದದ್ದಾದ್ರೆ ಮೂರಕ್ಕೇ ಒಂದು ಹಾಕ್ಬೇಕು ಮತ್ತೆ" ಅಂತಾರೆ. ಅಷ್ಟರಲ್ಲಿ ನಾನು ಬರೆದುಕೊಳ್ಳೋದು ನಿಲ್ಲಿಸಿದ್ದೆ! 21ನೇ ನಿಮಿಷದಲ್ಲಿ "ಮೇಲೆ ಇಷ್ಟು ಉಪ್ಪು" ಅಂತ ಕೈಯಲ್ಲಿ ತೋರಿಸಿದ್ದಾರೆ. ಲೇಖನದಲ್ಲಿ ಅದು ‘ಸ್ವಲ್ಪ’ ಆಗಿತ್ತು. ಫೋನ್ ಮಾಡಿ ಕೇಳಿದರೆ, "ಮಿಡಿ ಕಾಣಬಾರದು ಮಾರಾಯ್ತಿ, ಒಂದು ಬೆರಳು ದಪ್ಪ!"

ಈಗ ಮೊದಲ ಸಲ ಕೇಳುವಾಗ ವಾಕ್ಯ ಬರೆಯೋದೇ ಇಲ್ಲ. ಅಳತೆ, ಹೆಸರು, ‘ಇಷ್ಟು’, ‘ಹೀಗೆ’ ಬಂದಲ್ಲೆಲ್ಲ ನಿಮಿಷ ಗುರುತು ಹಾಕ್ತೀನಿ. ಕೊನೆವರೆಗೆ ಕೇಳಿದ ಮೇಲೆ ಒಂದೇ ವಿಷಯ ಎರಡು ಕಡೆ ಬಂದಿದೆಯಾ ನೋಡಿ, ಮಾತಾಡಿದವರಿಗೇ ಓದಿ ಹೇಳ್ತೀನಿ. ಲೇಖನ ಮಾತಿನ ಕ್ರಮದಲ್ಲಿ ಇರಬೇಕಾಗಿಲ್ಲ. ‘ಉಪ್ಪು ಎಷ್ಟು?’ ಅನ್ನೋ ಉಪಶೀರ್ಷಿಕೆ ಕೆಳಗೆ 14, 21, 33 ಮೂರೂ ನಿಮಿಷದ ಮಾತು ಒಟ್ಟಿಗೆ ಕೂತಿವೆ.

ಹುಡುಕುವವರ ಪದವೇ ಬೇರೆ. ಅತ್ತೆ ಬಾಯಲ್ಲಿ ‘ಹಾಳಾಯ್ತು’, ಜನ ಟೈಪ್ ಮಾಡೋದು ‘ಬೂಷ್ಟು’, ‘ಬೂಸಲು’, ಇಲ್ಲಾ midi uppinakayi. ಇವನ್ನು ಕೊನೆಯಲ್ಲಿ ರಾಶಿ ಹಾಕದೆ ವಾಕ್ಯದೊಳಗೇ ತರ್ತೀನಿ.

ಸಮಯದ ಪಟ್ಟಿ ಮಾತ್ರ ಕಟ್ಟಕಡೆಗೆ. ಹಿಂದೊಮ್ಮೆ ಪಟ್ಟಿ ಮಾಡಿದ ಮೇಲೆ 40 ಸೆಕೆಂಡಿನ ಸಂಗೀತ ಮುಂದೆ ಸೇರಿಸಿ, ಎಲ್ಲ ಸಾಲೂ ತಪ್ಪಿತ್ತು. ಯೂಟ್ಯೂಬ್‌ನಲ್ಲಿ ಅಧ್ಯಾಯಗಳು ಕಾಣಬೇಕಾದರೆ ಮೊದಲ ಸಾಲು 00:00 ಇರಬೇಕು, ಕನಿಷ್ಠ ಮೂರು ಸಾಲು ಬೇಕು:

```
00:00 ಪರಿಚಯ
14:10 ಉಪ್ಪಿನ ಅಳತೆ
21:35 ಮೇಲಿನ ಉಪ್ಪು
33:05 ಮಳೆ ಬಿದ್ದ ಮೇಲಿನ ಮಿಡಿ
```

ಲೇಖನದ ತಲೆಯಲ್ಲೇ ಏನು ತಪ್ಪಿತ್ತು, ಯಾವತ್ತು ತಿದ್ದಿದೆ ಅಂತ ಬರೆದೆ. ಆ ಹುಡುಗಿಗೂ ಹೇಳಿದೆ. ಮಿಡಿ ಸಿಗೋದು ಇನ್ನು ಬರುವ ವರ್ಷವೇ. ಅಲ್ಲಿವರೆಗೆ ಇರಲಿ ಅಂತ ಅತ್ತೆ ಅವಳಿಗೊಂದು ಬಾಟಲಿ ಕಳಿಸಿದ್ದಾರೆ. ನನಗೆ ಕಳಿಸಿಲ್ಲ.