ಓಡಿಹೋದ ಎಂದವರು ಯಾರು?

ಬೆಳಗ್ಗೆ ಘಾಟ್ಕೋಪರ್‌ನಲ್ಲಿ ಮೆಟ್ರೊ ಹತ್ತಿದರೆ ಅಂಧೇರಿ ಬರುವಷ್ಟರಲ್ಲಿ ಇ-ಪೇಪರ್‌ನ ಎರಡು ಮೂರು ಪುಟ ಓದಿ ಮುಗಿಯುತ್ತವೆ. ಅದೇ ಸುದ್ದಿಯನ್ನು ರಾತ್ರಿ ಹಾವೇರಿಯಿಂದ ಅವ್ವ ಫೋನಿನಲ್ಲಿ ಹೇಳುತ್ತಾಳೆ. ಪತ್ರಿಕೆಯಲ್ಲಿ ‘ಆರೋಪಿ ಪರಾರಿಯಾಗಿದ್ದಾನೆ ಎಂದು ಪೊಲೀಸರು ತಿಳಿಸಿದ್ದಾರೆ’ ಎಂದಿದ್ದರೆ ಅವ್ವನ ಬಾಯಲ್ಲಿ ಅದು ‘ಓಡಿ ಹೋದ್ನಂತ’ ಎಂದಾಗುತ್ತದೆ. ತಾನು ಕಂಡಿದ್ದಲ್ಲ, ಕೇಳಿದ್ದು ಎಂಬುದನ್ನು ಆ ಒಂದು ‘ಅಂತ’ ಹೇಳಿಬಿಡುತ್ತದೆ. ಮೈಸೂರು ಕಡೆಯವರು ‘ಅಂತೆ’ ಎನ್ನುತ್ತಾರೆ. ಇಲ್ಲಿನ ಮರಾಠಿಯವರು ಅದೇ ಕೆಲಸಕ್ಕೆ ‘ಮ್ಹಣೇ’ ಬಳಸುತ್ತಾರೆ. ನಮ್ಮ ಪತ್ರಿಕೆಗಳ ಬರಹದಲ್ಲಿ ಮಾತ್ರ ಆ ‘ಅಂತೆ’ ಇಲ್ಲ. ಅದರ ಜಾಗದಲ್ಲಿ ಇರುವುದು ಹೇಳಿದರು, ತಿಳಿಸಿದರು, ಆರೋಪಿಸಿದರು ಎಂಬ ಕ್ರಿಯಾಪದಗಳು. ಇವು ಒಂದರ ಬದಲು ಇನ್ನೊಂದು ಇಡಬಹುದಾದ ಪದಗಳಲ್ಲ.

ಅದು ನನಗೆ ಸರಿಯಾಗಿ ಅರ್ಥವಾದದ್ದು ನಾನಿರುವ ಊರಿನದೇ ಒಂದು ಪ್ರಕರಣವನ್ನು ಓದುವಾಗ. 2002ರ ಡಿಸೆಂಬರ್ 2ರಂದು ಘಾಟ್ಕೋಪರ್ ನಿಲ್ದಾಣದ ಬಳಿ ಬೆಸ್ಟ್ ಬಸ್ಸೊಂದರಲ್ಲಿ ಬಾಂಬ್ ಸ್ಫೋಟಿಸಿ ಇಬ್ಬರು ಸತ್ತರು. ಅದೇ ತಿಂಗಳ ಕೊನೆಯಲ್ಲಿ ಪೊಲೀಸರು ಪರ್ಭಣಿಯ ಖ್ವಾಜಾ ಯೂನುಸ್ ಎಂಬ 27 ವರ್ಷದ ಯುವಕನನ್ನು ಬಂಧಿಸಿದರು. ದುಬೈನಲ್ಲಿ ಕೆಲಸ ಮಾಡುತ್ತಿದ್ದ ಸಾಫ್ಟ್‌ವೇರ್ ಎಂಜಿನಿಯರ್. ನನ್ನದೇ ಕಸುಬಿನವನು ಎಂಬ ಕಾರಣಕ್ಕೋ ಏನೋ, ಓದಲು ಆರಂಭಿಸಿದವನು ನಿಲ್ಲಿಸಲಾಗಲಿಲ್ಲ. 2003ರ ಜನವರಿ ಮೊದಲ ವಾರದ ನಂತರ ಆತನನ್ನು ಯಾರೂ ನೋಡಿಲ್ಲ. ತನಿಖೆಗೆಂದು ಔರಂಗಾಬಾದ್ ಕಡೆಗೆ ಕರೆದೊಯ್ಯುವಾಗ ಜೀಪು ಅಪಘಾತಕ್ಕೀಡಾಯಿತು, ಆಗ ಆತ ತಪ್ಪಿಸಿಕೊಂಡ ಎಂಬುದು ಪೊಲೀಸರ ಮಾತು. ಠಾಣೆಯಲ್ಲಿ ಆತನನ್ನು ಹೊಡೆಯುವುದನ್ನೂ ಆತ ರಕ್ತ ಕಾರಿದ್ದನ್ನೂ ಕಂಡೆ ಎಂಬುದು ಜೊತೆಗೆ ಬಂಧಿತನಾಗಿದ್ದ ವೈದ್ಯರೊಬ್ಬರ ಮಾತು.

ಈಗ ವರದಿಗಾರನ ಜಾಗದಲ್ಲಿ ಕುಳಿತು ನಮ್ಮ ಪತ್ರಿಕೆಗಳ ರೂಢಿಯಂತೆ ಬರೆದು ನೋಡೋಣ. ‘ಯೂನುಸ್ ತಪ್ಪಿಸಿಕೊಂಡಿದ್ದಾನೆ ಎಂದು ಪೊಲೀಸರು ತಿಳಿಸಿದ್ದಾರೆ. ಪೊಲೀಸರು ಹೊಡೆದರು ಎಂದು ಸಹ ಆರೋಪಿ ಆರೋಪಿಸಿದ್ದಾನೆ.’ ಈ ವಾಕ್ಯಗಳಲ್ಲಿ ಹುಡುಕಿದರೂ ತಪ್ಪು ಸಿಗದು. ಆದರೆ ಓದುವವನ ಮನಸ್ಸಿನಲ್ಲಿ ತಕ್ಕಡಿ ಆಗಲೇ ಒಂದು ಕಡೆ ವಾಲಿದೆ. ‘ತಿಳಿಸು’ ಎಂದರೆ ತಿಳಿಯುವಂತೆ ಮಾಡು. ಗೊತ್ತಿದ್ದವನು ಗೊತ್ತಿಲ್ಲದವನಿಗೆ ಕೊಡುವುದು ತಿಳಿವಳಿಕೆ. ಸುಳ್ಳನ್ನು ಯಾರೂ ‘ತಿಳಿಸುವುದಿಲ್ಲ’. ‘ಆರೋಪಿಸು’ ಎಂದರೆ ಇನ್ನೂ ಸಾಬೀತಾಗದ್ದನ್ನು ಇನ್ನೊಬ್ಬರ ಮೇಲೆ ಹೊರಿಸು. ಎರಡೂ ಕಡೆಯವರು ಅಂದು ಕೊಟ್ಟದ್ದು ಬರೀ ಮಾತು, ಎರಡಕ್ಕೂ ಅಂದಿಗೆ ಬೇರೆ ಪುರಾವೆ ಇರಲಿಲ್ಲ. ಆದರೂ ಸಮವಸ್ತ್ರದ ಮಾತಿಗೆ ಒಂದು ಕ್ರಿಯಾಪದ, ಕೈಕೋಳದ ಮಾತಿಗೆ ಇನ್ನೊಂದು. ಇಲ್ಲಿ ಸಂಶಯ ಹಂಚಿಕೆಯಾಗಿದ್ದು ಸಾಕ್ಷ್ಯ ನೋಡಿ ಅಲ್ಲ, ಮಾತಾಡಿದವರ ಸ್ಥಾನ ನೋಡಿ.

ಮುಂದೆ ಏನಾಯಿತು? ಹೈಕೋರ್ಟ್ ಮಧ್ಯಪ್ರವೇಶದ ನಂತರ ನಡೆದ ಸಿಐಡಿ ತನಿಖೆ, ಅಪಘಾತದ ಕಥೆ ಕಟ್ಟಿದ್ದು, ಯೂನುಸ್ ಸತ್ತಿದ್ದು ಕಸ್ಟಡಿಯಲ್ಲೇ ಎಂಬ ನಿರ್ಧಾರಕ್ಕೆ ಬಂತು. ನಾಲ್ವರು ಪೊಲೀಸರ ಮೇಲೆ ಕೊಲೆಯ ಆರೋಪ ಹೊರಿಸಲಾಯಿತು. ಶವ ಸಿಗಲೇ ಇಲ್ಲ. ಸ್ಫೋಟದ ಮೊಕದ್ದಮೆಯಲ್ಲಿ ವಿಚಾರಣೆ ಎದುರಿಸಿದವರನ್ನು 2005ರಲ್ಲಿ ಪೋಟಾ ನ್ಯಾಯಾಲಯ ಖುಲಾಸೆ ಮಾಡಿತು. ‘ತಿಳಿಸಿದ’ ಮಾತನ್ನು ತನಿಖೆ ತಳ್ಳಿಹಾಕಿತು, ‘ಆರೋಪಿಸಿದ’ ಮಾತಿನ ಮೇಲೆ ಮೊಕದ್ದಮೆ ನಿಂತಿತು.

ಹಾಗೆಂದು ಪೊಲೀಸರ ಮಾತಿಗೆಲ್ಲ ‘ಹೇಳಿಕೊಂಡಿದ್ದಾರೆ’ ಹಾಕಿಬಿಡಿ ಎನ್ನುತ್ತಿಲ್ಲ. ಅದು ಅದೇ ತಪ್ಪಿನ ಇನ್ನೊಂದು ಮಗ್ಗುಲು. ಇಂಗ್ಲಿಷಿನ ‘ಕ್ಲೇಮ್ಡ್’ಗೆ ಕನ್ನಡದಲ್ಲಿ ಒಂದೇ ಪದವಿಲ್ಲ. ‘ಪ್ರತಿಪಾದಿಸಿದರು’ ಎಂದರೆ ಒತ್ತು ಬರುತ್ತದೆ, ಸಂಶಯ ಬರುವುದಿಲ್ಲ. ‘ಹೇಳಿಕೊಂಡರು’ ಎಂದರೆ ಆ ‘ಕೊಳ್ಳು’ವಿನಿಂದಾಗಿ ತಮ್ಮ ಅನುಕೂಲಕ್ಕೆ ಹೇಳಿದರು ಎಂಬ ವಾಸನೆ ಮೂಗಿಗೆ ಬಡಿಯುತ್ತದೆ. ಏಜೆನ್ಸಿಯ ಇಂಗ್ಲಿಷ್ ಸುದ್ದಿಯನ್ನು ರಾತ್ರಿಪಾಳಿಯಲ್ಲಿ ಕನ್ನಡಕ್ಕೆ ತರುವ ಉಪಸಂಪಾದಕ ಯಾವುದನ್ನು ಆರಿಸುತ್ತಾನೋ ಅದೇ ಮರುದಿನ ಓದುಗನ ಅಭಿಪ್ರಾಯ. ಆ ಹೊತ್ತಿನಲ್ಲಿ ಅವನಿಗೆ ಇದನ್ನೆಲ್ಲ ಯೋಚಿಸಲು ಎಷ್ಟು ನಿಮಿಷ ಇರುತ್ತದೋ ಪಾಪ.

ನಾನು ಓದುವಾಗ ಒಂದು ಸಣ್ಣ ಪರೀಕ್ಷೆ ಮಾಡುತ್ತೇನೆ. ವಾಕ್ಯದ ಕೊನೆಗೆ ‘ಆದರೆ ಅದು ನಿಜವಲ್ಲ’ ಎಂದು ಸೇರಿಸುವುದು. ‘ತಪ್ಪಿಸಿಕೊಂಡ ಎಂದು ಹೇಳಿದರು, ಆದರೆ ಅದು ನಿಜವಲ್ಲ.’ ಸರಾಗವಾಗಿ ಹೋಯಿತು. ‘ತಿಳಿಸಿದರು’ ಎಂದಾಗ ಸ್ವಲ್ಪ ತಡೆಯುತ್ತದೆ. ‘ಸ್ಪಷ್ಟಪಡಿಸಿದರು, ಆದರೆ ಅದು ನಿಜವಲ್ಲ’, ‘ಬಹಿರಂಗಪಡಿಸಿದರು, ಆದರೆ ಅದು ನಿಜವಲ್ಲ’ ಎಂದು ನೋಡಿ, ವಾಕ್ಯವೇ ಮುರಿದು ಬೀಳುತ್ತದೆ. ಹಾಗೆ ಮುರಿಯುವ ಕಡೆಯಲ್ಲೆಲ್ಲ ವರದಿಗಾರ ತನಗೆ ಗೊತ್ತಿಲ್ಲದಂತೆಯೇ ಆ ಮಾತಿಗೆ ರುಜು ಹಾಕಿದ್ದಾನೆ ಎಂದರ್ಥ.

ಈ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಕೆಟ್ಟದಾಗಿ ಸೋಲುವುದು ಅಪರಾಧ ಸುದ್ದಿಗಳ ನೆಚ್ಚಿನ ಪದ: ‘ವಿಚಾರಣೆ ವೇಳೆ ತಪ್ಪೊಪ್ಪಿಕೊಂಡಿದ್ದಾನೆ’, ಇನ್ನೂ ಜೋರಾದರೆ ‘ಬಾಯ್ಬಿಟ್ಟಿದ್ದಾನೆ’. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು ಹಳೆಯ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಹೇಳುತ್ತಿತ್ತು. ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಕೂಡ ಅದನ್ನೇ ಹೇಳುತ್ತದೆ. ಪೋಟಾ ಕಾಯ್ದೆ ಇದಕ್ಕೆ ಅಪವಾದ ಮಾಡಿ, ಎಸ್‌ಪಿ ದರ್ಜೆಯ ಅಧಿಕಾರಿ ಮುಂದಿನ ತಪ್ಪೊಪ್ಪಿಗೆಗೆ ಬೆಲೆ ಕೊಟ್ಟಿತ್ತು. ಆ ಕಾಯ್ದೆ 2004ರಲ್ಲಿ ರದ್ದಾಯಿತು. ಆದರೆ ಕೋರ್ಟು ಒಪ್ಪದ್ದನ್ನು ನಾವು ಬೆಳಗಿನ ಚಹಾದ ಜೊತೆ ಇಂದಿಗೂ ಒಪ್ಪುತ್ತೇವೆ. ‘ಒಪ್ಪಿಕೊಂಡ’ ಎಂದ ಕೂಡಲೇ ತಪ್ಪು ನಡೆದಿತ್ತು ಎಂಬುದು ವಾಕ್ಯದೊಳಗೇ ಕುಳಿತಿರುತ್ತದೆ. ‘ಆತ ಒಪ್ಪಿಕೊಂಡಿದ್ದಾನೆ ಎಂದು ಪೊಲೀಸರು ಹೇಳಿದ್ದಾರೆ’ ಎಂದು ಬರೆದರೆ ಜಾಗ ಎರಡೇ ಪದದಷ್ಟು ಹೆಚ್ಚು ಹಿಡಿಯುತ್ತದೆ.

‘ಎನ್ನಲಾಗಿದೆ’ ಬಗ್ಗೆಯೂ ಒಂದು ಮಾತು. ಇದು ಅವ್ವನ ‘ಅಂತ’ದ ಪೇಟ ಸುತ್ತಿದ ರೂಪ ಎಂದು ಮೊದಲು ಅಂದುಕೊಂಡಿದ್ದೆ. ಅಲ್ಲ. ‘ಯಾರವ್ವಾ ಹೇಳಿದ್ದು?’ ಎಂದರೆ ಅವ್ವ ಕೂಡಲೇ ಹೆಸರು ಹೇಳುತ್ತಾಳೆ, ಬೇಕಾದರೆ ಆ ಮನುಷ್ಯ ನಂಬಲರ್ಹನೋ ಅಲ್ಲವೋ ಅದನ್ನೂ ಸೇರಿಸುತ್ತಾಳೆ. ‘ಎನ್ನಲಾಗಿದೆ’ಯನ್ನು ಹಾಗೆ ಕೇಳುವಂತಿಲ್ಲ. ಎಂದವರು ಯಾರು ಎಂಬುದೇ ಅಲ್ಲಿ ಮಾಯ. ಸಂಶಯ ತೋರಿಸಿದಂತೆಯೂ ಆಯಿತು, ಹೊಣೆ ತಪ್ಪಿಸಿಕೊಂಡಂತೆಯೂ ಆಯಿತು.

ಇದನ್ನು ಬರೆಯುವಾಗ ನಾನೂ ಸಿಕ್ಕಿಬಿದ್ದೆ. ಮೊದಲ ಕರಡಿನಲ್ಲಿ ‘ಯೂನುಸ್‌ನನ್ನು ಕೊಂದ ಪೊಲೀಸರು’ ಎಂದು ಬರೆದಿದ್ದೆ. ಆ ನಾಲ್ವರಲ್ಲಿ ಯಾರೂ ಅಪರಾಧಿ ಎಂದು ತೀರ್ಪಾಗಿಲ್ಲ. ಯಾರ ಕಡೆಗೆ ನನ್ನ ಸಿಟ್ಟಿದೆಯೋ ಅವರಿಗೂ ಆ ಪದದ ರಕ್ಷಣೆ ಸಲ್ಲಬೇಕು. ಅಳಿಸಿ, ‘ಕೊಲೆಯ ಆರೋಪ ಹೊತ್ತ’ ಎಂದು ತಿದ್ದಿದೆ. ಕೈ ಬರಲಿಲ್ಲ, ಆದರೂ ತಿದ್ದಿದೆ.